ಸೊಂಟ ನೋವು ಅಂತೀವಿ, ಆದ್ರೆ ನೋವಿರೋದು ತೊಡೆಸಂದಿನಲ್ಲಿ

ಹಿಪ್ ಜಾಯಿಂಟ್ ವಿಡಿಯೋ ನೋಡಿದ ಹಲವರು ಅದನ್ನ ಬರಹದಲ್ಲೂ ಕೊಡಿ ಅಂದ್ರು. ಮಾತನ್ನ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಮೊದಲ ತೊಡಕು ನಮ್ಮ ಭಾಷೆಯದ್ದೇ. ಕನ್ನಡದಲ್ಲಿ ಸೊಂಟ ಅಂದ್ರೆ ಬೆನ್ನಿನ ಕೆಳಭಾಗವೂ ಹೌದು, ಹಿಪ್ ಕೂಡ ಹೌದು. ಮುಂಬೈಗೆ ಬಂದು ಅದನ್ನೇ ಹಿಂದಿಗೆ ತಿರುಗಿಸಿ "ಕಮರ್ ಮೇ ದರ್ದ್ ಹೈ" ಅಂದ್ರೆ, ಡಾಕ್ಟರು ಬೆನ್ನಿನ ಎಕ್ಸ್-ರೇ ಬರೀತಾರೆ. ಐವತ್ತು ದಾಟಿದವರ ಬೆನ್ನುಮೂಳೆಯಲ್ಲಿ ಸವೆತ ಏನಾದ್ರೂ ಕಂಡೇ ಕಾಣುತ್ತೆ. ಅಲ್ಲಿಂದ ಆರು ತಿಂಗಳು ಬೆನ್ನಿಗೇ ಚಿಕಿತ್ಸೆ.

ಹಿಪ್ ಕೀಲು ಅಂದ್ರೆ ತೊಡೆಮೂಳೆಯ ಗೋಲ ಮತ್ತು ಅದು ಕೂರುವ ಬಟ್ಟಲು. ಅದು ಇರೋದು ಒಳಗೆ, ಆಳದಲ್ಲಿ, ಮುಂದಿನ ಕಡೆಗೆ. ಹಾಗಾಗಿ ಅದು ಸವೆದಾಗ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಬರುತ್ತೆ, ತೊಡೆಯ ಮುಂಭಾಗದಲ್ಲಿ ಇಳಿದು ಕೆಲವರಿಗೆ ಮಂಡಿವರೆಗೂ ಹೋಗುತ್ತೆ. ಪಕ್ಕದ ಮೂಳೆ ಒತ್ತಿದಾಗ ಮಾತ್ರ ನೋಯೋದು ಬಹಳ ಸಲ ಬೇರೆಯೇ ತೊಂದರೆ.

ಡೊಂಬಿವಲಿಯಿಂದ ಬಂದ 54 ವರ್ಷದ ಒಬ್ಬ ಅಕ್ಕನ ಉದಾಹರಣೆ ಹೇಳ್ತೀನಿ. ಬ್ಯಾಂಕ್ ಕೆಲಸ, ದಿನಾ ಲೋಕಲ್ ಟ್ರೇನು, ಸ್ಟೇಷನ್ ಸೇತುವೆ. ಹುಬ್ಬಳ್ಳಿ ಕಡೆಯವರು. "ಸೊಂಟ ಭಾಳ ನೋಯ್ತದ್ರಿ" ಅಂದ್ರು. ಬೆರಳಿಟ್ಟು ತೋರಿಸ್ರಿ ಅಂದಾಗ ಬೆರಳು ಬಲ ತೊಡೆಸಂದಿಗೆ ಹೋಯ್ತು. ಬಲಗಾಲಿಗೆ ಚಪ್ಪಲಿ ಪಟ್ಟಿ ಹಾಕೋದು, ಉಗುರು ಕತ್ತರಿಸೋದು ಕಷ್ಟ. ಬೆಳಿಗ್ಗೆ ಕೀಲು ಬಿಗಿ, ಹತ್ತು ನಿಮಿಷದಲ್ಲಿ ಸಡಿಲ. ಕುರ್ಚಿಯಲ್ಲಿ ಕೂರಿಸಿ, ಮಂಡಿ ಅಲ್ಲೇ ಹಿಡಿದು ಪಾದವನ್ನ ಹೊರಗೆ ಸರಿಸಿದೆ. ಎಡಗಾಲು ಸಲೀಸಾಗಿ ಹೋಯ್ತು, ಬಲಗಾಲು ಅರ್ಧದಲ್ಲೇ ನಿಂತು ತೊಡೆಸಂದು ಚುಚ್ಚಿತು. ಹಿಪ್ ಸವೆತದಲ್ಲಿ ಮೊದಲು ಕಮ್ಮಿಯಾಗೋದು ಸಾಮಾನ್ಯವಾಗಿ ಈ ತಿರುವೇ. ಆಮೇಲೆ ತೆಗೆಸಿದ ಹಿಪ್ ಎಕ್ಸ್-ರೇಯಲ್ಲಿ ಕೀಲಿನ ಜಾಗ ಕಿರಿದಾಗಿತ್ತು.

ಅವರಿಗೆ ಕೊಟ್ಟಿದ್ದು ಮೂರೇ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ ಇಳಿಸೋದು. ಎಡಮಗ್ಗುಲಾಗಿ ಮಲಗಿ ಬಲಗಾಲನ್ನ ನೇರವಾಗಿ ಎತ್ತೋದು. ಪ್ರತಿಯೊಂದೂ ಹತ್ತು ಸಲ, ಎರಡು ಸುತ್ತು, ವಾರಕ್ಕೆ ಮೂರು ದಿನ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಅನ್ನಿಸದಿದ್ರೆ ಸ್ನಾಯು ಬೆಳೆಯಲ್ಲ. ಮಾಡುವಾಗ ಸ್ವಲ್ಪ ನೋವು ಬಂದ್ರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆಯೂ ನೋವು ಏರಿದ್ದೇ ಇದ್ರೆ ಸಂಖ್ಯೆ ಇಳಿಸಿ, ವ್ಯಾಯಾಮ ಬಿಡಬೇಡಿ. ಫಲ ಗೊತ್ತಾಗೋಕೆ ಎಂಟರಿಂದ ಹನ್ನೆರಡು ವಾರ ಬೇಕು. ಸವೆದದ್ದು ವಾಪಸ್ ಬೆಳೆಯಲ್ಲ, ಆದ್ರೆ ಕೀಲನ್ನ ಹಿಡಿದಿರೋ ಸ್ನಾಯು ಬಲವಾದ್ರೆ ನೋವು ಇಳಿಯುತ್ತೆ. ಬೆಳಗಿನ 40 ನಿಮಿಷದ ವಾಕಿಂಗನ್ನ ಮೂರು ತುಂಡು ಮಾಡಿಸಿದೆ. ಮಂಡಿಗೆ ಹಚ್ಚೋ ಜೆಲ್ ಇಲ್ಲಿ ಹಣ ದಂಡ, ಅಷ್ಟು ಆಳಕ್ಕೆ ಅದು ಇಳಿಯಲ್ಲ.

ಇನ್ನು ಕೋಲು. ಬಹಳ ಜನ ನೋವಿರೋ ಕಡೆಯ ಕೈಯಲ್ಲೇ ಹಿಡೀತಾರೆ, ಸಿನಿಮಾದಲ್ಲೂ ಹಾಗೇ ತೋರಿಸ್ತಾರೆ. ಬಲ ಹಿಪ್ ನೋವಿದ್ರೆ ಕೋಲು ಎಡಗೈಯಲ್ಲಿರಬೇಕು. ಕಾರಣ ಸರಳ. ಬಲಗಾಲ ಮೇಲೆ ನಿಂತಾಗ ದೇಹ ಎಡಕ್ಕೆ ವಾಲದ ಹಾಗೆ ಬಲಪಕ್ಕದ ಸ್ನಾಯು ಜೋರಾಗಿ ಎಳೆಯುತ್ತೆ, ಆ ಎಳೆತವೇ ಗೋಲವನ್ನ ಬಟ್ಟಲಿಗೆ ಒತ್ತುತ್ತೆ. ಎಡಗಡೆ ದೂರದಲ್ಲಿ ಊರಿದ ಕೋಲು ಆ ವಾಲುವಿಕೆಯನ್ನೇ ತಡೆಯುತ್ತೆ. ಹಾಗಾಗಿ ಕೈಯಿಂದ ಸ್ವಲ್ಪ ಒತ್ತಿದ್ರೂ ಕೀಲಿನ ಹೊರೆ ಬಹಳ ಇಳಿಯುತ್ತೆ. ಕೋಲು ಮತ್ತು ಬಲಗಾಲು ಒಟ್ಟಿಗೆ ಮುಂದೆ ಹೋಗಬೇಕು. ಎತ್ತರ: ಚಪ್ಪಲಿ ಹಾಕಿ ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಮೆಟ್ಟಿಲು ಹತ್ತುವಾಗ ಮೊದಲು ಒಳ್ಳೆ ಕಾಲು, ಇಳಿಯುವಾಗ ಮೊದಲು ಕೋಲು ಮತ್ತು ನೋವಿನ ಕಾಲು. ಆ ಅಕ್ಕ "ಇಷ್ಟು ವಯಸ್ಸಿಗೇ ಕೋಲಾ?" ಅಂತ ಎರಡು ವಾರ ತಗೊಳ್ಳಲಿಲ್ಲ. ಕೊನೆಗೆ ಉದ್ದನೆ ಕೊಡೆಯಿಂದ ಶುರು ಮಾಡಿದ್ರು. ಕೆಳಗೆ ರಬ್ಬರ್ ಬುಶ್ ಹಾಕಿಸಿದ ಮೇಲೆ ನಾನೂ ಒಪ್ಪಿದೆ.

ಕೀಲು ಬದಲಾವಣೆ ಯಾವಾಗ? ಎಕ್ಸ್-ರೇ ಒಂದೇ ನೋಡಿ ಅಲ್ಲ, ವಯಸ್ಸು ನೋಡಿಯೂ ಅಲ್ಲ. ಮೂರು ತಿಂಗಳು ವ್ಯಾಯಾಮ, ಕೋಲು, ಡಾಕ್ಟರು ಕೊಟ್ಟ ಮಾತ್ರೆ ಸರಿಯಾಗಿ ನಡೆಸಿದ ಮೇಲೂ ನೋವು ರಾತ್ರಿ ನಿದ್ದೆ ಕೆಡಿಸ್ತಿದ್ರೆ, ಕೆಲಸಕ್ಕೆ ಹೋಗೋಕಾಗದಷ್ಟು ನಡಿಗೆ ಕುಗ್ಗಿದ್ರೆ, ಆಗ ಸರ್ಜನ್ ಹತ್ರ ಮಾತಾಡಬೇಕು. ಐವತ್ತರಲ್ಲಿ ಇರುವವರಿಗೆ ಒಂದು ಲೆಕ್ಕ ಗೊತ್ತಿರಲಿ: ಹಾಕಿದ ಹಿಪ್‌ಗಳಲ್ಲಿ ನೂರಕ್ಕೆ ಸುಮಾರು 58 ಮಾತ್ರ 25 ವರ್ಷ ದಾಟುತ್ತವೆ. ಅಂದ್ರೆ ಎಪ್ಪತ್ತೈದು, ಎಂಬತ್ತರ ಸುಮಾರಿಗೆ ಎರಡನೇ ಸಲ ಮಾಡಿಸಬೇಕಾಗಬಹುದು, ಅದು ಮೊದಲನೆಯದಕ್ಕಿಂತ ದೊಡ್ಡ ಆಪರೇಷನ್. ಹಾಗಂತ ಸ್ನಾಯು ಸೊರಗಿ ಕೀಲು ಪೂರ್ತಿ ಬಿಗಿಯುವವರೆಗೆ ಕಾದ್ರೆ ಚೇತರಿಕೆಯೂ ನಿಧಾನ. ನೆಲದ ಮೇಲೆ ಚಕ್ಕಳಮಕ್ಕಳ ಕೂರೋದು, ಇಂಡಿಯನ್ ಟಾಯ್ಲೆಟ್ ಬಳಸೋದು ಆಮೇಲೆ ಸಾಧ್ಯವಾ ಅಂತ ಸರ್ಜನ್ನನ್ನ ಮೊದಲೇ ಕೇಳಿ.

ಒಂದು ಎಚ್ಚರಿಕೆ. ಸ್ಟೆರಾಯ್ಡ್ ಹೆಚ್ಚು ತಗೊಂಡವರಿಗೆ, ಮದ್ಯ ಹೆಚ್ಚು ಕುಡಿಯುವವರಿಗೆ ಗೋಲಕ್ಕೆ ರಕ್ತ ನಿಂತು ಮೂಳೆ ಸಾಯಬಹುದು. ಶುರುವಿನಲ್ಲಿ ಎಕ್ಸ್-ರೇ ಸರಿಯಾಗೇ ಕಾಣುತ್ತೆ, ಎಂಆರ್‌ಐ ಬೇಕು. ಬಿದ್ದ ಮೇಲೆ ಕಾಲೂರೋಕೇ ಆಗದಿದ್ರೆ, ಅಥವಾ ನೋವಿನ ಜೊತೆ ಜ್ವರ ಇದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಆ ಅಕ್ಕ ಮೂರು ತಿಂಗಳ ಮೇಲೆ ಸ್ಟೇಷನ್ ಸೇತುವೆಯನ್ನ ನಿಲ್ಲದೆ ದಾಟ್ತಿದ್ದಾರೆ. ರಾತ್ರಿ ಎಚ್ಚರ ಆಗೋದು ನಿಂತಿದೆ. ಹಾಗಾಗಿ ಸದ್ಯಕ್ಕೆ ಆಪರೇಷನ್ ಮಾತು ಎತ್ತಿಲ್ಲ, ಆರು ತಿಂಗಳಿಗೊಮ್ಮೆ ನೋಡ್ತೀವಿ.