‘ನೋಡೋಣ ಸಾರ್’ ಅಂದರೆ ಹೌದೋ, ಅಲ್ಲವೋ?

ಬುಧವಾರ ಮಧ್ಯಾಹ್ನ 3 ಗಂಟೆ. ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರ ಕಂಪನಿ ಕಾರ್ಯದರ್ಶಿಗೆ ಮಾರಾಟ ವಿಭಾಗದ ಮುಖ್ಯಸ್ಥರ ಫೋನು ಬಂತು ಎಂದಿಟ್ಟುಕೊಳ್ಳೋಣ. “ಮೇಡಂ, ಶುಕ್ರವಾರದ ಬೋರ್ಡ್ ಮೀಟಿಂಗಿನಲ್ಲಿ ಹುಬ್ಬಳ್ಳಿ ಗೋದಾಮಿನ ವಿಷಯಕ್ಕೂ ಒಂದು ಹತ್ತು ನಿಮಿಷ ಕೊಡಿ. ನಮ್ಮ ಹುಡುಗರಿಬ್ಬರನ್ನೂ ಕರೆದುಕೊಂಡು ಬರ್ತೀನಿ.”

ಇಂಥ ಹೊತ್ತಿನಲ್ಲಿ ನಮ್ಮ ಬಾಯಿಗೆ ಬರುವ ಮಾತು “ನೋಡೋಣ ಸಾರ್”. ಹೇಳಿದವರ ಮನಸ್ಸಿನಲ್ಲಿ ಅದು ‘ಬೇಡ’. ಕೇಳಿದವರು ಮಾತ್ರ ಅದನ್ನು ‘ಆಗುತ್ತದೆ’ ಎಂದೇ ತಿಳಿದು, ಹುಬ್ಬಳ್ಳಿಯ ಹುಡುಗರಿಗೆ ರಾತ್ರಿ ಬಸ್ಸಿನ ಟಿಕೆಟ್ ಮಾಡಿಸಿಬಿಡುತ್ತಾರೆ. ಆಮೇಲೆ ಬಾಗಿಲಲ್ಲಿ ನಿಲ್ಲಿಸಿ ಇಲ್ಲವೆನ್ನುವುದೇ ನಿಜವಾದ ಅವಮರ್ಯಾದೆ.

ಸಭೆಗೆ ಇರುವುದು 90 ನಿಮಿಷ. ಹಿಂದಿನ ನಡಾವಳಿಗೆ 5, ಲೆಕ್ಕಪತ್ರಕ್ಕೆ 20, ಹೊಸ ಯಂತ್ರದ ಸಾಲಕ್ಕೆ 50, ಉಳಿದ ಸಣ್ಣಪುಟ್ಟದ್ದಕ್ಕೆ 15. ಹತ್ತು ನಿಮಿಷ ಎಂದು ಬಂದ ವಿಷಯ ಪ್ರಶ್ನೆಗಳು ಸೇರಿ ಇಪ್ಪತ್ತೈದಕ್ಕೆ ಮುಟ್ಟುತ್ತದೆ. ಅದು ನುಂಗುವುದು ಸಾಲದ ಚರ್ಚೆಯ ಕೊನೆಯ ಭಾಗವನ್ನು. ತೀರ್ಮಾನ ಆಗಬೇಕಾದದ್ದೇ ಅಲ್ಲಿ. “ಮುಂದಿನ ಸಭೆಗೆ ಇಡೋಣ” ಎಂಬ ಮಾತು ಬಂದರೆ ಪೆಟ್ಟು ಎಲ್ಲಿ ಬಿತ್ತೆಂದು ಗೊತ್ತಾಗುತ್ತದೆ.

ನಿಯಮವೂ ಕಾರ್ಯದರ್ಶಿಯ ಬೆನ್ನಿಗಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಬೋರ್ಡ್ ಸಭೆಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಮುಂಚೆ ನೋಟಿಸ್ ಹೋಗಬೇಕು. ಕಂಪನಿ ಕಾರ್ಯದರ್ಶಿಗಳ ಸಂಸ್ಥೆ ರೂಪಿಸಿದ ಸಭಾ ಮಾನದಂಡದಂತೆ, ಅಜೆಂಡಾದಲ್ಲಿಲ್ಲದ ವಿಷಯ ಎತ್ತಿಕೊಳ್ಳಲು ಅಧ್ಯಕ್ಷರ ಅನುಮತಿಯ ಜೊತೆಗೆ ಹಾಜರಿರುವ ನಿರ್ದೇಶಕರಲ್ಲಿ ಬಹುಮತದ ಒಪ್ಪಿಗೆಯೂ ಬೇಕು. ಆದರೆ ಫೋನಿನಲ್ಲಿ ಕಾಯ್ದೆ ಓದಿ ಹೇಳಿದರೆ ಸಂಬಂಧ ಕೆಡುತ್ತದೆ.

ಅದಕ್ಕೇ ಆಕೆ ಮೊದಲು ಅಧ್ಯಕ್ಷರಿಗೆ ಫೋನು ಮಾಡಿ ಕೇಳುತ್ತಾರೆ. ಅಧ್ಯಕ್ಷರಿಗೆ ತಿಳಿಸದೆ ಇಲ್ಲವೆಂದರೆ, ಮುಖ್ಯಸ್ಥರು ನೇರವಾಗಿ ಅವರಿಂದಲೇ ಹೌದು ಅನ್ನಿಸಿಕೊಂಡು ಬರಬಹುದು. ಆಮೇಲೆ ಅರ್ಧ ಗಂಟೆಯೊಳಗೆ ಉತ್ತರ: “ಸಾರ್, ಈ ಶುಕ್ರವಾರ ಗೋದಾಮಿನ ವಿಷಯ ತೆಗೆದುಕೊಳ್ಳೋಕೆ ಆಗಲ್ಲ. ಯಂತ್ರದ ಸಾಲ ಅವತ್ತೇ ತೀರ್ಮಾನ ಆಗಬೇಕು. ನಿಮ್ಮ ಎರಡು ಪುಟದ ಟಿಪ್ಪಣಿ ಸೋಮವಾರದೊಳಗೆ ಕೊಡಿ, ಮುಂದಿನ ಸಭೆಯ ಅಜೆಂಡಾದಲ್ಲಿ ಹಾಕ್ತೀನಿ, ಅಧ್ಯಕ್ಷರು ಒಪ್ಪಿದ್ದಾರೆ.” ಇಲ್ಲ ಎಂಬುದು ಮೊದಲ ವಾಕ್ಯದಲ್ಲೇ ಇದೆ. ಕ್ಷಮೆಯ ಸರಮಾಲೆ ಇಲ್ಲ, ಚೌಕಾಸಿಗೂ ಜಾಗವಿಲ್ಲ.

ಜನರ ವಿಷಯ ಇನ್ನೂ ಸೂಕ್ಷ್ಮ. ಕೋಣೆಯಲ್ಲಿ ಹೊರಗಿನವರು ಕೂತಿದ್ದರೆ ನಿರ್ದೇಶಕರು ಸಾಲದ ಬಗ್ಗೆ ಅನುಮಾನವನ್ನು ಬಾಯಿಬಿಟ್ಟು ಹೇಳುವುದಿಲ್ಲ. “ಹುಡುಗರು ಬರೋದು ಬೇಡ ಸಾರ್. ಮಾರಾಟದ ಅಂಕಿ ಬೇಕಾದರೆ 11ರಿಂದ 11.30ರವರೆಗೆ ಫೋನಿನಲ್ಲಿ ಸಿಗೋ ಹಾಗೆ ಇರಲಿ” ಎಂದರೆ ಸಾಕು. ಆಹ್ವಾನಿತರು ಯಾವ ವಿಷಯಕ್ಕೆ ಹಾಜರಿದ್ದರೆಂದು ನಡಾವಳಿಯಲ್ಲಿ ಬರೆಯಲೇಬೇಕು; ಸುಮ್ಮನೆ ಕೂರುವವರಿಗೆ ಅಲ್ಲಿ ಜಾಗವಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಆಕೆ ಬಾಗಿಲು ತೆರೆಯಬೇಕು. ಗುರುವಾರ ಸಂಜೆ ಬ್ಯಾಂಕು ಬಡ್ಡಿ ದರ ಏರಿಸಿದರೆ ಅದು ಹೆಚ್ಚುವರಿ ವಿಷಯವಲ್ಲ, ಸಾಲದ ತೀರ್ಮಾನದ್ದೇ ಭಾಗ. ಅದನ್ನು ಆ 50 ನಿಮಿಷದೊಳಗೇ ಸೇರಿಸಿ, ಅಂದು ರಾತ್ರಿಯೇ ಎಲ್ಲ ನಿರ್ದೇಶಕರಿಗೂ ತಿಳಿಸಬೇಕು.