ನಾಲ್ಕು ಕೀಲಿಗೆ ಒಂದು ವಾಕ್ಯ

ಆಟೋಹಾಟ್‌ಕೀ ಎಂಬುದು ವಿಂಡೋಸ್ ಕಂಪ್ಯೂಟರುಗಳಿಗಾಗಿ 2003ರಲ್ಲಿ ಹೊರಬಂದ ಉಚಿತ ತಂತ್ರಾಂಶ. ಕೀಲಿಮಣೆಯ ಮೇಲೆ ಒತ್ತಿದ್ದನ್ನು ಗಮನಿಸುತ್ತಿದ್ದು, ಹೇಳಿಕೊಟ್ಟ ಗುರುತು ಕಂಡಾಗ ಹೇಳಿಕೊಟ್ಟ ಕೆಲಸ ಮಾಡುವುದು ಅದರ ಕಸುಬು. ಆ ಕೆಲಸಗಳಲ್ಲಿ ಅತ್ಯಂತ ಸರಳವಾದದ್ದು, ಬಹುಶಃ ಹೆಚ್ಚು ಜನರಿಗೆ ಒದಗುವಂಥದ್ದು, ಪುಟ್ಟ ಸಂಕೇತವೊಂದನ್ನು ಪೂರ್ತಿ ವಾಕ್ಯವಾಗಿ ಬೆಳೆಸುವುದು. ಇದಕ್ಕೆ ಹಾಟ್‌ಸ್ಟ್ರಿಂಗ್ ಎಂದು ಹೆಸರು. ವರ್ಡ್‌ನಲ್ಲಿರುವ ಆಟೋಕರೆಕ್ಟ್ ಕೂಡ ಇಂಥದ್ದೇ ಕೆಲಸ ಮಾಡುತ್ತದೆ, ಆದರೆ ಅದು ತನ್ನ ಬಳಗದ ತಂತ್ರಾಂಶಗಳ ಗಡಿ ದಾಟುವುದಿಲ್ಲ. ಹಾಟ್‌ಸ್ಟ್ರಿಂಗ್ ನೋಟ್‌ಪ್ಯಾಡ್, ಬ್ರೌಸರಿನ ಮೇಲ್ ಪುಟ, ಬಿಲ್ ಬರೆಯುವ ತಂತ್ರಾಂಶ ಹೀಗೆ ಎಲ್ಲ ಕಡೆಯೂ ನಡೆಯುತ್ತದೆ.

ಗ್ರಾಹಕರ ದೂರುಗಳಿಗೆ ಮೇಲ್‌ನಲ್ಲಿ ಉತ್ತರ ಬರೆಯುವ ಗುಮಾಸ್ತರೊಬ್ಬರನ್ನು ಊಹಿಸಿಕೊಳ್ಳಬಹುದು. ಒಂದೇ ಸಾಲನ್ನು ದಿನಕ್ಕೆ ಹತ್ತಾರು ಸಲ ಬರೆಯಬೇಕಾದವರಿಗೆ ಬೇಕಾಗುವ ಸ್ಕ್ರಿಪ್ಟ್ ಇಷ್ಟೇ:

```
#Requires AutoHotkey v2.0
::;dsk::ತಮ್ಮ ದೂರು ತಲುಪಿದೆ. ಮೂರು ಕೆಲಸದ ದಿನಗಳೊಳಗೆ ಉತ್ತರ ಕಳುಹಿಸಲಾಗುವುದು.
```

ಮೊದಲ ಸಾಲು ಯಾವ ಆವೃತ್ತಿಗೆ ಬರೆದದ್ದೆಂದು ತಿಳಿಸುತ್ತದೆ. ಎರಡನೆಯದರಲ್ಲಿ ಎರಡು ಜೋಡಿ ಕೋಲನ್‌ಗಳ ನಡುವೆ ಇರುವುದು ಸಂಕೇತ, ಆಮೇಲೆ ಬರುವುದೆಲ್ಲ ವಾಕ್ಯ. ಇದನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಕೊನೆಯಲ್ಲಿ `.ahk` ಬರುವಂಥ ಹೆಸರು ಕೊಟ್ಟು ಉಳಿಸಿ, ಆ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಗಡಿಯಾರದ ಪಕ್ಕದಲ್ಲಿ H ಅಕ್ಷರವಿರುವ ಹಸಿರು ಗುರುತು ಮೂಡುತ್ತದೆ. ಅಲ್ಲಿಂದ ಮುಂದೆ ಎಲ್ಲಿಯೇ ಆಗಲಿ `;dsk` ಎಂದು ಒತ್ತಿ ಸ್ಪೇಸ್ ಕೊಟ್ಟರೆ ವಾಕ್ಯ ಬಂದು ಕೂರುತ್ತದೆ. ಹೊಸ ಸಾಲು ಸೇರಿಸಿದಾಗ ಕಡತ ಉಳಿಸಿದರಷ್ಟೇ ಸಾಲದು. ಹಸಿರು ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ `Reload Script` ಆರಿಸಬೇಕು. ಕಂಪ್ಯೂಟರ್ ಹಾಕಿದಾಗಲೇ ಸ್ಕ್ರಿಪ್ಟ್ ಶುರುವಾಗಬೇಕಿದ್ದರೆ, ವಿಂಡೋಸ್ ಕೀಲಿ ಮತ್ತು R ಒಟ್ಟಿಗೆ ಒತ್ತಿ, `shell:startup` ಎಂದು ಕೊಟ್ಟಾಗ ತೆರೆಯುವ ಫೋಲ್ಡರಿನಲ್ಲಿ ಕಡತದ ಶಾರ್ಟ್‌ಕಟ್ ಇಟ್ಟರೆ ಆಯಿತು.

ಒಳಗೆ ನಡೆಯುವುದು ನಕಲು ಮಾಡಿ ಅಂಟಿಸುವ ಕೆಲಸವಲ್ಲ. ಸ್ಕ್ರಿಪ್ಟ್ ಪ್ರತಿ ಕೀಲಿಯ ಒತ್ತನ್ನೂ ಆ ತಂತ್ರಾಂಶಕ್ಕೆ ತಲುಪುವ ಮೊದಲೇ ನೋಡಿ, ಕೊನೆಯ ಕೆಲವು ಅಕ್ಷರಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. `;dsk` ಆದಮೇಲೆ ಸ್ಪೇಸ್ ಬಂದ ಕೂಡಲೇ ಆ ಸ್ಪೇಸನ್ನು ತಡೆಹಿಡಿದು, ತಾನೇ ನಾಲ್ಕು ಸಲ ಬ್ಯಾಕ್‌ಸ್ಪೇಸ್ ಒತ್ತಿ ಸಂಕೇತವನ್ನು ಅಳಿಸಿ, ವಾಕ್ಯವನ್ನು ಒಂದೊಂದೇ ಅಕ್ಷರವಾಗಿ ಕಳುಹಿಸಿ, ಕಡೆಗೆ ತಡೆದಿಟ್ಟ ಸ್ಪೇಸನ್ನು ಬಿಟ್ಟುಕೊಡುತ್ತದೆ. ಎಂದರೆ ಪಕ್ಕದಲ್ಲಿ ಕೂತ ಚುರುಕು ಬೆರಳಿನ ಟೈಪಿಸ್ಟ್ ಒಬ್ಬರು ಕೀಲಿಮಣೆಯನ್ನು ಕ್ಷಣಕಾಲ ಕಸಿದುಕೊಂಡಂತೆ. ತಂತ್ರಾಂಶಕ್ಕೆ ಮಾತ್ರ ಯಾರೋ ಟೈಪ್ ಮಾಡುತ್ತಿದ್ದಾರೆ ಎಂದಷ್ಟೇ ಗೊತ್ತು. ಎಲ್ಲ ತಂತ್ರಾಂಶಗಳಲ್ಲೂ ಇದು ನಡೆಯುವುದಕ್ಕೆ ಕಾರಣ ಇದೇ. ಇದರ ಬಹುತೇಕ ತೊಡಕುಗಳ ಬೇರೂ ಇಲ್ಲಿಯೇ ಇದೆ.

ಟೈಪಿಸ್ಟ್ ನೋಡುವುದು ಕೀಲಿಗಳನ್ನು, ಪರದೆಯನ್ನಲ್ಲ. `;ds` ಎಂದು ಒತ್ತಿ, ನಡುವೆ ಮೌಸ್‌ನಿಂದ ಬೇರೆಲ್ಲೋ ಕ್ಲಿಕ್ ಮಾಡಿ ಅಥವಾ ಬಾಣದ ಕೀಲಿ ಒತ್ತಿ, ಆಮೇಲೆ `k` ಒತ್ತಿದರೆ ವಾಕ್ಯ ಬರುವುದಿಲ್ಲ. ಕರ್ಸರ್ ಎಲ್ಲಿಗೆ ಹೋಯಿತೋ ತಿಳಿಯದ ಕಾರಣ ಸ್ಕ್ರಿಪ್ಟ್ ಆವರೆಗಿನ ನೆನಪನ್ನು ಅಳಿಸಿಬಿಟ್ಟಿರುತ್ತದೆ. ಸಂಕೇತವನ್ನು ಮೊದಲಿಂದ ಒತ್ತಬೇಕು.

ಸಂಕೇತದ ಮೊದಲಿಗೆ ಸೆಮಿಕೋಲನ್ ಇಟ್ಟಿರುವುದಕ್ಕೂ ಇದೇ ಕಾರಣ. ವಿಳಾಸಕ್ಕೆಂದು `add` ಎಂಬ ಸಂಕೇತ ಇಟ್ಟುಕೊಂಡವರು ಇಂಗ್ಲಿಷ್ ಪತ್ರದಲ್ಲಿ ಆ ಪದವನ್ನೇ ಬಳಸಿದಾಗ ನಡುವೆ ಮನೆ ವಿಳಾಸ ಬಂದು ಕೂರುತ್ತದೆ. ಸೆಮಿಕೋಲನ್ ಆದಮೇಲೆ ಬಿಡುವಿಲ್ಲದೆ ಅಕ್ಷರ ಬರುವುದು ಮಾಮೂಲಿ ಬರವಣಿಗೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಹಾಗಾಗಿ ಅಪಘಾತ ತಪ್ಪುತ್ತದೆ. ಸ್ಪೇಸ್‌ಗೆ ಕಾಯದೆ ತಕ್ಷಣ ವಾಕ್ಯ ಬರಲಿ ಎಂದು `:*:;d::` ಎಂದು ನಕ್ಷತ್ರ ಸೇರಿಸಿ ಬರೆಯಲೂ ಬಹುದು. ಆದರೆ ಹಾಗೆ ಮಾಡಿದರೆ `;dsk` ಕೆಲಸಕ್ಕೆ ಬಾರದೇ ಹೋಗುತ್ತದೆ, ಏಕೆಂದರೆ ಎರಡನೆಯ ಕೀಲಿಗೇ `;d` ಎದ್ದುಬಿಟ್ಟಿರುತ್ತದೆ.

ಹೊಸಬರನ್ನು ಹೆಚ್ಚು ಕಂಗೆಡಿಸುವುದು ಆಶ್ಚರ್ಯಸೂಚಕ ಚಿಹ್ನೆ. ವಾಕ್ಯದ ಭಾಗದಲ್ಲಿ `!` ಎಂದರೆ ಆಲ್ಟ್ ಕೀಲಿ, `^` ಎಂದರೆ ಕಂಟ್ರೋಲ್, `+` ಎಂದರೆ ಶಿಫ್ಟ್, `#` ಎಂದರೆ ವಿಂಡೋಸ್ ಕೀಲಿ. ‘ನಮಸ್ಕಾರ! ತಮ್ಮ ದೂರು ತಲುಪಿದೆ’ ಎಂದು ಬರೆದಿಟ್ಟರೆ ‘ನಮಸ್ಕಾರ’ದ ತನಕ ಸರಿಯಾಗಿ ಬರುತ್ತದೆ. ಆಮೇಲೆ ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಬಿದ್ದು ಕಿಟಕಿಯ ಮೂಲೆಯ ಮೆನು ತೆರೆದುಕೊಳ್ಳುತ್ತದೆ, ಮಿಕ್ಕ ಮಾತು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಮೊದಲ ಕೋಲನ್‌ಗಳ ನಡುವೆ T ಸೇರಿಸಿ `:T:;dsk::` ಎಂದು ಬರೆದರೆ ಎಲ್ಲ ಚಿಹ್ನೆಗಳೂ ಇದ್ದಂತೆಯೇ ಬರುತ್ತವೆ. ಹಲವು ಸಾಲಿನ ಉತ್ತರವನ್ನು ಆವರಣಗಳಲ್ಲಿ ಇಟ್ಟರೆ ಈ T ತಾನಾಗಿಯೇ ಅನ್ವಯವಾಗುತ್ತದೆ:

```
::;utr::
(
ಮಾನ್ಯರೇ,
ತಮ್ಮ ದೂರು ತಲುಪಿದೆ!
ವಂದನೆಗಳು
)
```

ಮೇಲ್ ಬರೆಯುವಾಗ ಇದು ಸೊಗಸಾಗಿ ನಡೆಯುತ್ತದೆ. ಎಂಟರ್ ಒತ್ತಿದರೆ ಸಂದೇಶ ಹೊರಟುಬಿಡುವ ಚಾಟ್ ಕಿಟಕಿಗಳಲ್ಲಿ ಮಾತ್ರ ‘ಮಾನ್ಯರೇ,’ ಎಂಬುದೊಂದೇ ಮೊದಲು ಹೊರಟು, ಎರಡನೆಯ ಸಾಲು ಬೇರೆ ಸಂದೇಶವಾಗಿ ಹಿಂಬಾಲಿಸುತ್ತದೆ, ಕೊನೆಯ ಸಾಲು ಬರೆಯುವ ಜಾಗದಲ್ಲೇ ಉಳಿಯುತ್ತದೆ. ಟೈಪಿಸ್ಟ್ ಸಾಲುಗಳ ನಡುವೆ ಎಂಟರ್ ಒತ್ತಿದ್ದಾರೆ, ಅಷ್ಟೇ.

ಕನ್ನಡದ ಮಟ್ಟಿಗೆ ಇದರಲ್ಲಿ ಒಂದು ವಿಶೇಷ ಅನುಕೂಲವಿದೆ. ವಾಕ್ಯದ ಅಕ್ಷರಗಳು ಯುನಿಕೋಡ್ ಅಕ್ಷರಗಳಾಗಿಯೇ ಹೋಗುವುದರಿಂದ, ಇಂಗ್ಲಿಷ್ ಕೀಲಿಮಣೆ ಆನ್ ಆಗಿರುವಾಗಲೂ ಕನ್ನಡ ವಾಕ್ಯ ಮೂಡುತ್ತದೆ. ಕೀಲಿಮಣೆ ಬದಲಿಸುವ ಗೋಜಿಲ್ಲ. ಹಾಗೆ ನೋಡಿದರೆ ಬದಲಿಸಲೇಬಾರದು. ಇನ್‌ಸ್ಕ್ರಿಪ್ಟ್ ಕನ್ನಡ ವಿನ್ಯಾಸ ಆನ್ ಆಗಿದ್ದರೆ k ಕೀಲಿ ಒತ್ತಿದಾಗ ಸ್ಕ್ರಿಪ್ಟಿಗೂ ಕಾಣುವುದು ಕನ್ನಡ ಅಕ್ಷರವೇ, ಹೀಗಾಗಿ `;dsk` ಎಂಬ ಸಂಕೇತ ಸಿಗುವುದೇ ಇಲ್ಲ. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಪುಟ ಕಟ್ಟುವ ಕಡೆ ಈ ವಾಕ್ಯಗಳು ಹೊಂದುವುದಿಲ್ಲ.

ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಗೊಂಚಲು ಬಂದರೆ ದೋಷ ಕಡತವನ್ನು ಉಳಿಸಿದ ರೀತಿಯಲ್ಲಿದೆ. ಎರಡನೆಯ ಆವೃತ್ತಿ ಕಡತವನ್ನು ಯುಟಿಎಫ್-8 ಎಂದೇ ಓದುತ್ತದೆ. ಹಳೆಯ ಒಂದನೆಯ ಆವೃತ್ತಿ ಹಾಗೆ ಓದಬೇಕಾದರೆ ನೋಟ್‌ಪ್ಯಾಡಿನ ಸೇವ್ ಆ್ಯಸ್ ಕಿಟಕಿಯಲ್ಲಿ `UTF-8 with BOM` ಎಂಬುದನ್ನು ಆರಿಸಿ ಉಳಿಸಬೇಕು.

ಸ್ಥಿರ ವಾಕ್ಯಗಳಾಚೆಗೂ ಸ್ವಲ್ಪ ದೂರ ಹೋಗಬಹುದು. ಅಂದಂದಿನ ತಾರೀಕು ಬೇಕೆಂದರೆ ವಾಕ್ಯದ ಜಾಗದಲ್ಲಿ ಆಜ್ಞೆ ಬರೆದರಾಯಿತು:

```
::;tk::
{
    SendText FormatTime(, "dd-MM-yyyy")
}
```

ಒಂದು ಕಡೆ ಮಾತ್ರ ಈ ಟೈಪಿಸ್ಟಿಗೆ ಪ್ರವೇಶವಿಲ್ಲ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುತ್ತಿರುವ ತಂತ್ರಾಂಶಕ್ಕೆ ಸಾಮಾನ್ಯ ಅಧಿಕಾರದ ಸ್ಕ್ರಿಪ್ಟ್ ಕೀಲಿಗಳನ್ನು ಕಳುಹಿಸಲು ವಿಂಡೋಸ್ ಬಿಡುವುದಿಲ್ಲ. ಹಸಿರು ಗುರುತು ಇದೆ, ನೋಟ್‌ಪ್ಯಾಡಿನಲ್ಲಿ ವಾಕ್ಯ ಬರುತ್ತಿದೆ, ಒಂದೇ ಒಂದು ತಂತ್ರಾಂಶದಲ್ಲಿ ಮಾತ್ರ ಸಂಕೇತ ಸಂಕೇತವಾಗಿಯೇ ಉಳಿಯುತ್ತಿದೆ ಎಂದಾದರೆ ಮೊದಲು ಸಂಶಯಿಸಬೇಕಾದದ್ದು ಇದನ್ನು. ಸ್ಕ್ರಿಪ್ಟನ್ನೂ ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದರೆ ಅಡ್ಡಿ ನೀಗುತ್ತದೆ, ಕಚೇರಿಯ ಕಂಪ್ಯೂಟರಿನಲ್ಲಿ ಅದಕ್ಕೆ ಅನುಮತಿ ಇದ್ದರೆ. ಇನ್ನು ಪಾಸ್‌ವರ್ಡಿಗೆ ಸಂಕೇತ ಮಾಡಿಕೊಳ್ಳುವ ಆಸೆ ಕೆಲವರಿಗೆ ಹುಟ್ಟುತ್ತದೆ. `.ahk` ಕಡತ ಯಾರು ತೆರೆದರೂ ಓದಬಹುದಾದ ಬರೀ ಪಠ್ಯ, ಆದ್ದರಿಂದ ಅದು ಅಲ್ಲಿ ಇರತಕ್ಕದ್ದಲ್ಲ.