ಹೊಸ್ತಿಲಲ್ಲಿ ಸತ್ತ ಇಲಿ: ಬೆಕ್ಕಿನ ಕಾಣಿಕೆಯೇ?

ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಬಳಿ ಸತ್ತ ಇಲಿ. ಪಕ್ಕದಲ್ಲೇ ಏನೂ ಆಗಿಲ್ಲವೆಂಬಂತೆ ಮುಂಗಾಲು ನೆಕ್ಕಿಕೊಳ್ಳುತ್ತ ಕುಳಿತ ಬೆಕ್ಕು. ಬೆಕ್ಕು ಸಾಕಿದವರಿಗೆ ಇದು ಹೊಸ ನೋಟವೇನಲ್ಲ. ಹಾಲು ಹಾಕಿದವರ ಋಣ ತೀರಿಸುತ್ತಿದೆ ಎಂದು ಕೆಲವರು ಮೆಚ್ಚಿಕೊಳ್ಳುತ್ತಾರೆ. ಗಲೀಜು ಮಾಡಿತೆಂದು ಕೆಲವರು ಪೊರಕೆ ಎತ್ತುತ್ತಾರೆ. ಆದರೆ ಹೊಟ್ಟೆ ತುಂಬಿದ ಬೆಕ್ಕು ಇಲಿಯನ್ನು ಕೊಂದದ್ದೇಕೆ? ಕೊಂದದ್ದನ್ನು ತಿನ್ನದೆ ಮನೆಗೆ ತಂದದ್ದೇಕೆ?

ಮೊದಲ ಪ್ರಶ್ನೆಗೆ ಉತ್ತರ ಬೆಕ್ಕಿನ ಹಳೆಯ ಬದುಕಿನಲ್ಲಿದೆ. ಅದರ ಬೇಟೆಯೆಲ್ಲ ಸಣ್ಣದು. ಸುಂಡಿಲಿಯೊಂದು ಇಪ್ಪತ್ತು ಗ್ರಾಂ ತೂಗಿದರೆ ಹೆಚ್ಚು. ಕೇವಲ ಬೇಟೆಯಿಂದಲೇ ಹೊಟ್ಟೆ ಹೊರೆಯುವ ಬೆಕ್ಕಿಗೆ ದಿನಕ್ಕೆ ಇಂಥ ಹಲವಾರು ಇಲಿಗಳು ಬೇಕು. ಹಾರಿದ ಪ್ರತಿ ಸಲವೂ ಇಲಿ ಸಿಕ್ಕುವುದಿಲ್ಲ. ಹಸಿವಾದ ಮೇಲೆ ಹೊರಡೋಣ ಎಂದು ಕಾದು ಕುಳಿತರೆ ಉಪವಾಸವೇ ಗತಿ. ಆದ್ದರಿಂದ ಹಸಿವು ಬೇರೆ, ಬೇಟೆಯ ಚಪಲ ಬೇರೆ ಎಂಬಂತೆ ಅದರ ಸ್ವಭಾವ ರೂಪುಗೊಂಡಿದೆ.

ರಾಬರ್ಟ್ ಆಡಮೆಕ್ ಎಂಬ ಸಂಶೋಧಕರು 1976ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಬೆಕ್ಕುಗಳ ಮುಂದೆ ಅವುಗಳಿಗೆ ಅಚ್ಚುಮೆಚ್ಚಿನ ಆಹಾರವಿಟ್ಟು, ಅವು ತಿನ್ನುತ್ತಿರುವಾಗಲೇ ಜೀವಂತ ಇಲಿಯೊಂದನ್ನು ಬಿಡಲಾಯಿತು. ಬೆಕ್ಕುಗಳು ಊಟ ಬಿಟ್ಟು ಎದ್ದವು, ಇಲಿಯನ್ನು ಕೊಂದವು. ಆಮೇಲೆ ಮಾಡಿದ್ದೇ ಸ್ವಾರಸ್ಯ. ಸತ್ತ ಇಲಿಯನ್ನು ಕಚ್ಚಿ ತಂದು ತಟ್ಟೆಯ ಪಕ್ಕದಲ್ಲಿಟ್ಟು, ಮತ್ತೆ ತಟ್ಟೆಯ ಊಟಕ್ಕೇ ಬಾಯಿ ಹಾಕಿದವು!

ನಮ್ಮ ಎರಡನೆಯ ಪ್ರಶ್ನೆಗೂ ಸುಳಿವು ಇಲ್ಲೇ ಇದೆ. ಬೇಟೆ ಸಿಕ್ಕ ಬಯಲಿನಲ್ಲಿ ನಾಯಿ, ಬೇರೆ ಬೆಕ್ಕುಗಳ ಭಯ. ನಿಶ್ಚಿಂತೆಯಿಂದ ತಿನ್ನಲು ಪರಿಚಿತವಾದ ಸುರಕ್ಷಿತ ಜಾಗ ಬೇಕು. ಸಾಕಿದ ಬೆಕ್ಕಿಗೆ ಆ ಜಾಗ ನಮ್ಮ ಮನೆ. ಆದರೆ ಅಲ್ಲಿಗೆ ಬಂದರೆ ಇಲಿಗಿಂತ ರುಚಿಯಾದ ಮೀನು, ಹಾಲು ಕಾದಿರುತ್ತದೆ. ಇಲಿ ಅಲ್ಲೇ ಬಿದ್ದಿರುತ್ತದೆ. ಅದು ಕಾಣಿಕೆಯಂತೆ ಕಾಣುವುದು ನಮ್ಮ ಕಣ್ಣಿಗೆ.

ನಮಗೆ ಬೇಟೆ ಕಲಿಸಲು ತರುತ್ತದೆ ಎಂಬ ಮಾತಿಗೂ ಆಧಾರವಿಲ್ಲದಿಲ್ಲ. ತಾಯಿ ಬೆಕ್ಕು ಮರಿಗಳಿಗೆ ಮೊದಲು ಸತ್ತ ಇಲಿ ತರುತ್ತದೆ, ಮರಿ ಬೆಳೆದಂತೆ ಜೀವವಿರುವ ಇಲಿಯನ್ನೇ ತಂದು ಬಿಡುತ್ತದೆ. ಆದರೆ ಮರಿ ಸಾಕುವ ಗೊಡವೆಯೇ ಇಲ್ಲದ ಗಂಡು ಬೆಕ್ಕೂ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೆಕ್ಕೂ ಇಲಿ ಹೊತ್ತು ತರುತ್ತವಲ್ಲ! ಅವುಗಳ ಮಟ್ಟಿಗೆ ಪಾಠದ ವಿವರಣೆ ಹೊಂದುವುದಿಲ್ಲ.

ಹೊಸ್ತಿಲಿಗೆ ಬರುವುದು ಎಷ್ಟು? ಇಂಗ್ಲೆಂಡಿನ ಫೆಲ್ಮರ್‌ಶಾಮ್ ಎಂಬ ಹಳ್ಳಿಯಲ್ಲಿ 1980ರ ದಶಕದ ಆರಂಭದಲ್ಲಿ ಪೀಟರ್ ಚರ್ಚರ್ ಮತ್ತು ಜಾನ್ ಲಾಟನ್ ಇದರ ಲೆಕ್ಕ ಹಿಡಿದರು. ಸುಮಾರು 70 ಬೆಕ್ಕುಗಳು ತಂದುಹಾಕಿದ ಬೇಟೆಯನ್ನೆಲ್ಲ ಹಳ್ಳಿಗರು ಒಂದು ವರ್ಷ ಕಾಲ ಚೀಲಗಳಲ್ಲಿ ಕೂಡಿಟ್ಟು ಕೊಟ್ಟರು. ಮೊತ್ತ ಸಾವಿರ ದಾಟಿತು. ಇಲಿಯಂಥ ಪ್ರಾಣಿಗಳೇ ಹೆಚ್ಚು, ಗುಬ್ಬಚ್ಚಿಗಳೂ ಕಡಿಮೆಯೇನಿರಲಿಲ್ಲ.

ಇದೂ ಪೂರ್ತಿ ಲೆಕ್ಕವಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದ ಸಂಶೋಧಕರು, ಹಿಡಿದ ಬೇಟೆಯಲ್ಲಿ ಮನೆಗೆ ಬರುವುದು ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಎಂದು 2012ರಲ್ಲಿ ತಿಳಿಸಿದರು. ಅರ್ಧದಷ್ಟು ಕೊಂದಲ್ಲೇ ಉಳಿದಿತ್ತು. ಅಂದರೆ ಹೊಸ್ತಿಲಲ್ಲಿ ಒಂದು ಗುಬ್ಬಚ್ಚಿ ಕಂಡರೆ, ಹಿತ್ತಲಾಚೆ ನಮ್ಮ ಕಣ್ಣಿಗೆ ಬೀಳದ ಇನ್ನೆರಡು ಮೂರು ಸತ್ತಿರಬಹುದು. ಇಲಿ ಹೋದರೆ ಯಾರೂ ಅಳುವುದಿಲ್ಲ. ಹಕ್ಕಿಯ ಮಾತು ಹಾಗಲ್ಲ.

ಹಾಗಾದರೆ ತಡೆಯುವುದು ಹೇಗೆ? ಬೈದು ಹೊಡೆದು ಪ್ರಯೋಜನವಿಲ್ಲ. ಕೊಂದದ್ದು ಎಲ್ಲೋ, ಏಟು ಬೀಳುವುದು ಮನೆಯಲ್ಲಿ. ಎರಡಕ್ಕೂ ಇರುವ ನಂಟು ಬೆಕ್ಕಿಗೆ ತಿಳಿಯುವುದಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಮುನ್ನೂರಕ್ಕೂ ಹೆಚ್ಚು ಬೆಕ್ಕುಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಮನೆಗೆ ಬರುವ ಬೇಟೆ ಶೇಕಡಾ 36ರಷ್ಟು ಇಳಿಯಿತು. ದಿನಕ್ಕೆ ಐದು ಹತ್ತು ನಿಮಿಷ, ದಾರಕ್ಕೆ ಗರಿ ಕಟ್ಟಿ ಹಾರಿ ಹಿಡಿಯುವ ಆಟವಾಡಿಸಿದಾಗ ಶೇಕಡಾ 25ರಷ್ಟು ಇಳಿಯಿತು. ಕೊರಳಿಗೆ ಗಂಟೆ ಕಟ್ಟಿದ್ದರಿಂದ ಮಾತ್ರ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಚಿಂತಿಸಿದ ಕತೆಯ ಇಲಿಗಳು ಈ ಸುದ್ದಿ ಕೇಳಿದ್ದರೆ ಸಭೆಯನ್ನೇ ಮುಂದೂಡುತ್ತಿದ್ದವೇನೋ!